ಇಮೇಲಿನ ತುದಿಯಲ್ಲಿದ್ದ ಒಂದು ಸಾಲು

2023ರ ಫೆಬ್ರವರಿ 13ರಂದು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ನಡೆದು ಮೂವರು ವಿದ್ಯಾರ್ಥಿಗಳು ಸತ್ತರು. ಮೂರು ದಿನಗಳ ನಂತರ, ಬೇರೊಂದು ರಾಜ್ಯದಲ್ಲಿರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪೀಬಾಡಿ ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಒಂದು ಇಮೇಲ್ ಕಳಿಸಿತು. ಇಂಥ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಆಸರೆಯಾಗೋಣ ಎನ್ನುವ ಧಾಟಿಯ ಕಾಗದ ಅದು. ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಇದು ಚಾಟ್‌ಜಿಪಿಟಿಯ ಮಾತುಗಳನ್ನು ಬದಲಿಸಿ ಬರೆದದ್ದು, ‘ಖಾಸಗಿ ಸಂವಹನ’, ಫೆಬ್ರವರಿ 15, 2023.

‘ಖಾಸಗಿ ಸಂವಹನ’ ಅನ್ನೋದು ಸಂಶೋಧಕರು ಬಳಸುವ ಮಾತು. ಯಾರೋ ಒಬ್ಬರು ಫೋನಿನಲ್ಲೋ ಪತ್ರದಲ್ಲೋ ಹೇಳಿದ್ದನ್ನು ಪ್ರಬಂಧದಲ್ಲಿ ಉಲ್ಲೇಖಿಸುವಾಗ ಹಾಗೆ ಬರೆಯುತ್ತಾರೆ. ಯಂತ್ರದ ಜೊತೆ ಎಂಥ ಖಾಸಗಿ ಮಾತು ಅಂತ ನಗು ಬರುತ್ತದೆ. ಆದರೆ ಬರೆದವರ ಕಡೆಯಿಂದ ನೋಡಿದರೆ ಅದು ಪ್ರಾಮಾಣಿಕ ಸಾಲು. ಎಲ್ಲಿಂದ ತಂದೆವು ಎಂದು ಅವರು ಹೇಳಿದ್ದರು. ಹೇಳಿದ್ದರಿಂದಲೇ ಸಿಕ್ಕಿಬಿದ್ದರು. ವಿದ್ಯಾರ್ಥಿಗಳು ಸಿಟ್ಟಿಗೆದ್ದರು. ಮರುದಿನವೇ ಕ್ಷಮೆ ಕೇಳುವ ಇನ್ನೊಂದು ಇಮೇಲ್ ಬಂತು.

ಅದನ್ನು ದೂರದಿಂದ ನೋಡಿದವರು ಕಲಿತದ್ದು ಏನು? ಸಂತಾಪದ ಕಾಗದ ನಾವೇ ಬರೆಯಬೇಕು ಎಂದು ಕೆಲವರು ಕಲಿತಿರಬಹುದು. ಆ ಕೊನೆಯ ಸಾಲು ಅಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಅದಕ್ಕಿಂತ ಜಾಸ್ತಿ ಜನ ಕಲಿತರು ಅನ್ನೋದು ನನ್ನ ಅನುಮಾನ. ಯಂತ್ರದ ಬರಹಕ್ಕೆ ಮನುಷ್ಯನ ವೇಷ ಹಾಕುವ ಕಥೆ ಅರ್ಥವಾಗಬೇಕಾದರೆ ಈ ಅನುಮಾನವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಯಂತ್ರ ಬರೆದದ್ದನ್ನು ಹೇಳಿಕೊಳ್ಳುವುದು ಮೊದಲು ಇಷ್ಟು ಕಷ್ಟದ ಕೆಲಸ ಆಗಿರಲಿಲ್ಲ. 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕಂಪನಿಗಳ ಮೂರು ತಿಂಗಳ ಲೆಕ್ಕಪತ್ರದ ಸುದ್ದಿಗಳನ್ನು ಸಾಫ್ಟ್‌ವೇರ್‌ನಿಂದ ಬರೆಸಲು ಶುರು ಮಾಡಿತು. ಈ ಸುದ್ದಿಯನ್ನು ಆಟೊಮೇಟೆಡ್ ಇನ್‌ಸೈಟ್ಸ್ ತಯಾರಿಸಿದೆ, ಅಂಕಿಅಂಶ ಇಂಥ ಕಡೆಯಿಂದ ಬಂದಿದೆ ಎಂದು ಪ್ರತಿ ಸುದ್ದಿಯ ಕೊನೆಗೂ ಇರುತ್ತಿತ್ತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಲಾಭ ಎಷ್ಟು, ಹೋದ ವರ್ಷಕ್ಕಿಂತ ಎಷ್ಟು ಹೆಚ್ಚು ಅನ್ನೋ ಸುದ್ದಿಯಲ್ಲಿ ಓದುಗ ಹುಡುಕುವುದು ಅಂಕಿಯನ್ನು, ಬರೆದವರ ಮನಸ್ಸನ್ನಲ್ಲ. ಸಂತಾಪದ ಕಾಗದದಲ್ಲಿ ಅದು ತಿರುಗುಮುರುಗು. ಅಲ್ಲಿ ಮಾತಿಗಿಂತ, ಯಾರೋ ಕೂತು ಯೋಚಿಸಿ ಬರೆದರು ಅನ್ನೋದಕ್ಕೇ ಬೆಲೆ.

ನಮ್ಮಲ್ಲೂ ಇದಕ್ಕೊಂದು ಹಳೆಯ ಪದ್ಧತಿ ಇದೆ. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಹಾಕಿ ಪತ್ರ ಬರೆದವರ ಹೆಸರು ಇರುತ್ತದೆ. ಬರೆದ ಕೈ ಬೇರೆ, ಜಮೀನು ಮಾರಿ ರುಜು ಹಾಕಿದವರು ಬೇರೆ. ಎರಡೂ ಕಾಗದದ ಮೇಲೇ ಕಾಣುತ್ತವೆ. ಪತ್ರ ಬರೆಸಿಕೊಂಡದ್ದಕ್ಕೆ ಯಾರಿಗೂ ಅವಮಾನವಿಲ್ಲ. ಮಾತಿಗೆ ಹೊಣೆ ಮಾತ್ರ ರುಜು ಹಾಕಿದವರದ್ದು.

ವೇಷ ಹಾಕುವ ಕೆಲಸವೂ ಚಾಟ್‌ಜಿಪಿಟಿಗಿಂತ ಹಳೆಯದು. ನಕಲು ಪತ್ತೆ ಮಾಡುವ ಸಾಫ್ಟ್‌ವೇರ್‌ಗಳು ಬಂದಾಗ, ಅದರ ಕಣ್ಣು ತಪ್ಪಿಸುವ ಸಾಫ್ಟ್‌ವೇರ್‌ಗಳೂ ಹಿಂದೆಯೇ ಬಂದವು. ಬೇರೆಯವರ ಪ್ಯಾರಾ ಹಾಕಿದರೆ ಪ್ರತಿ ಪದಕ್ಕೂ ಸಮಾನಾರ್ಥಕ ಪದ ತುರುಕಿ ಕೊಡುತ್ತಿದ್ದವು. 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಾಬೆ, ಅಲೆಕ್ಸಾಂಡರ್ ಮಗಾಜಿನೊವ್ ಎಂಬ ಮೂವರು ಸಂಶೋಧಕರು ಇದರ ಗುರುತು ಹಿಡಿದರು. ಪ್ರಕಟವಾದ ವಿಜ್ಞಾನ ಪ್ರಬಂಧಗಳಲ್ಲಿ ವಿಚಿತ್ರ ಇಂಗ್ಲಿಷ್ ಕಾಣುತ್ತಿತ್ತು. ‘ಬ್ರೆಸ್ಟ್ ಕ್ಯಾನ್ಸರ್’ ಇರಬೇಕಾದ ಕಡೆ ‘ಬುಸಮ್ ಪೆರಿಲ್’, ಅಂದರೆ ಎದೆಯ ಅಪಾಯ. ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಇರಬೇಕಾದ ಕಡೆ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’, ಅಂದರೆ ಖೋಟಾ ಪ್ರಜ್ಞೆ. ಆ ವಿಷಯ ಬಲ್ಲವರು ಯಾರೂ ಹೀಗೆ ಬರೆಯುವುದಿಲ್ಲ. ಇವನ್ನು ‘ಚಿತ್ರಹಿಂಸೆ ಅನುಭವಿಸಿದ ಪದಗಳು’ ಎಂದು ಅವರು ಕರೆದರು. ಎಷ್ಟು ಸರಿಯಾದ ಹೆಸರು!

2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಆಮೇಲೆ ಅದೇ ಆಟ ಬೇರೆ ರೂಪದಲ್ಲಿ ನಡೆಯಿತು. ಈ ಸಲ ಪತ್ತೆ ಮಾಡಬೇಕಾದ್ದು ನಕಲನ್ನಲ್ಲ, ಯಂತ್ರದ ಕೈಯನ್ನು. ಡಿಟೆಕ್ಟರ್‌ಗಳು ಹೇಗೆ ನೋಡುತ್ತವೆ ಅನ್ನೋದನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ‘ಬೆಳಿಗ್ಗೆ ಎದ್ದು ಕಾಫಿ’ ಎಂದ ಮೇಲೆ ‘ಕುಡಿದೆ’ ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ‘ಚೆಲ್ಲಿದೆ’ ಬಂದರೆ ಸ್ವಲ್ಪ ಆಶ್ಚರ್ಯ. ಮುಂದಿನ ಪದ ಊಹೆಗೆ ಎಷ್ಟು ಸುಲಭ ಎಂದು ಸಾಫ್ಟ್‌ವೇರ್ ಅಳೆಯುತ್ತದೆ. ಪ್ಯಾರಾ ಪೂರ್ತಿ ಊಹಿಸಿದಂತೆಯೇ ಹೋದರೆ, ವಾಕ್ಯಗಳೂ ಹೆಚ್ಚುಕಮ್ಮಿ ಒಂದೇ ಉದ್ದ ಇದ್ದರೆ, ಯಂತ್ರ ಬರೆದಿರಬಹುದು ಎನ್ನುತ್ತದೆ. ಬಹಳ ಡಿಟೆಕ್ಟರ್‌ಗಳ ಬುಡದಲ್ಲಿ ಇರುವ ಲೆಕ್ಕ ಇದೇ.

‘ಹ್ಯೂಮನೈಸರ್’ ಎಂಬ ಹೆಸರಲ್ಲಿ ಮಾರಾಟವಾಗುವ ಸಾಫ್ಟ್‌ವೇರ್ ಇದನ್ನೇ ತಿರುಗಿಸಿ ಮಾಡುತ್ತದೆ. ಊಹೆಗೆ ಸಿಗುವ ಪದ ತೆಗೆದು ಸಿಗದ ಪದ ಹಾಕುತ್ತದೆ. ಒಂದು ವಾಕ್ಯ ಕತ್ತರಿಸುತ್ತದೆ, ಇನ್ನೊಂದನ್ನು ಎಳೆಯುತ್ತದೆ. ಇದಕ್ಕೆ ದೊಡ್ಡ ಜಾಣ್ಮೆಯೇನೂ ಬೇಕಿಲ್ಲ. 2023ರಲ್ಲಿ ಸಂಶೋಧಕರು ಡಿಪ್ಪರ್ ಎಂಬ ಸಾಫ್ಟ್‌ವೇರ್ ತಯಾರಿಸಿ, ಯಂತ್ರದ ಬರಹವನ್ನು ಅದರಿಂದ ಬೇರೆ ಮಾತಿನಲ್ಲಿ ಬರೆಸಿ ನೋಡಿದರು. ಅಲ್ಲಿಯವರೆಗೆ ನೂರಕ್ಕೆ ಸುಮಾರು 70 ಬರಹ ಹಿಡಿಯುತ್ತಿದ್ದ ಒಂದು ಡಿಟೆಕ್ಟರ್ ಆಮೇಲೆ ಐದನ್ನೂ ಹಿಡಿಯಲಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯದ್ದೂ ಒಂದು ಡಿಟೆಕ್ಟರ್ ಇತ್ತು. 2023ರ ಜನವರಿಯಲ್ಲಿ ಬಿಟ್ಟರು, ಜುಲೈನಲ್ಲಿ ಸರಿಯಾಗಿ ಪತ್ತೆ ಮಾಡುತ್ತಿಲ್ಲ ಎಂದು ತಾವೇ ವಾಪಸ್ ಪಡೆದರು.

ಮತ್ತೆ ವ್ಯಾಂಡರ್‌ಬಿಲ್ಟ್‌ಗೆ ಹೋಗೋಣ. 2023ರ ಏಪ್ರಿಲ್‌ನಲ್ಲಿ ಟರ್ನಿಟಿನ್ ಕಂಪನಿ ತನ್ನ ನಕಲು ಪತ್ತೆ ಸಾಫ್ಟ್‌ವೇರ್‌ಗೆ ಎಐ ಡಿಟೆಕ್ಟರ್ ಸೇರಿಸಿತು. ನೂರು ಪ್ರಾಮಾಣಿಕ ಪ್ರಬಂಧಗಳಲ್ಲಿ ಒಂದಕ್ಕೆ ಕೂಡ ತಪ್ಪಾಗಿ ಕೈ ತೋರಿಸುವುದಿಲ್ಲ, ಅಂದರೆ ತಪ್ಪು ಶೇ 1ಕ್ಕಿಂತ ಕಡಿಮೆ ಎಂದು ಕಂಪನಿ ಹೇಳಿತು. ಕೇಳಲು ಚೆನ್ನಾಗಿದೆ, ಅಲ್ವಾ? ವಿಶ್ವವಿದ್ಯಾಲಯ ಕೂತು ಲೆಕ್ಕ ಹಾಕಿತು. 2022ರಲ್ಲಿ ಅವರು ಟರ್ನಿಟಿನ್‌ಗೆ ಹಾಕಿದ್ದ ಬರಹ 75,000. ಶೇ 1 ಅಂದರೆ 750. ಡಿಟೆಕ್ಟರ್ ಆಗಲೇ ಇದ್ದಿದ್ದರೆ ಅಷ್ಟು ಬರಹಗಳ ಮೇಲೆ ಸುಳ್ಳು ಆರೋಪ ಬರಬಹುದಿತ್ತು. ನಕಲಿನ ಆರೋಪ ಬಂದರೆ ಮೂಲವನ್ನು ಪಕ್ಕದಲ್ಲಿಟ್ಟು ತೋರಿಸಬಹುದು, ಇಲ್ಲಿ ಹಾಗೆ ತೋರಿಸಲು ಏನೂ ಇಲ್ಲ. ಒಂದು ಅಂಕಿ ಮಾತ್ರ. ‘ನಾನೇ ಬರೆದೆ’ ಎಂದು ಆರೋಪ ಹೊತ್ತ ಹುಡುಗಿ ಹೇಗೆ ಸಾಬೀತು ಮಾಡಬೇಕು? ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ಆ ಡಿಟೆಕ್ಟರನ್ನು ಆಫ್ ಮಾಡಿತು. ಆರು ತಿಂಗಳ ಹಿಂದೆ ಸಂತಾಪದ ಇಮೇಲಿಗೆ ಕ್ಷಮೆ ಕೇಳಿದ್ದ ಜಾಗವೇ ಇದು.

ತಪ್ಪು ಎಲ್ಲರ ಮೇಲೆ ಸಮನಾಗಿ ಬೀಳುವುದೂ ಇಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದಿದ್ದ 91 ಪ್ರಬಂಧಗಳನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಸರಾಸರಿ ಶೇ 61ರಷ್ಟನ್ನು ಯಂತ್ರ ಬರೆದದ್ದು ಎಂದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಹೆಚ್ಚುಕಮ್ಮಿ ತಪ್ಪೇ ಆಗಲಿಲ್ಲ. ಕಾರಣ ಸರಳ. ಕಲಿತ ಭಾಷೆಯಲ್ಲಿ ನಾವು ಗೊತ್ತಿರುವ ಪದ, ಗೊತ್ತಿರುವ ವಾಕ್ಯದಲ್ಲೇ ಬರೆಯುತ್ತೇವೆ. ಅದು ಊಹೆಗೆ ಸಿಗುತ್ತದೆ. ಹಾಸನದಿಂದಲೋ ಧಾರವಾಡದಿಂದಲೋ ಹೋಗಿ ಹೊರದೇಶದಲ್ಲಿ ಎಂಎಸ್ ಮಾಡುವ ಹುಡುಗರು ಈ ಗುಂಪಿಗೇ ಸೇರುತ್ತಾರೆ. ಹೀಗಾಗಿ ಕೆಲವು ವಿದ್ಯಾರ್ಥಿಗಳು ತಾವೇ ಬರೆದದ್ದನ್ನು ಹ್ಯೂಮನೈಸರ್‌ಗೆ ಹಾಕಿ ತೆಗೆಯುತ್ತಾರೆ. ಮನುಷ್ಯ ಬರೆದದ್ದಕ್ಕೆ ಯಂತ್ರದಿಂದ ಮನುಷ್ಯನ ವೇಷ! ಇನ್ನು ಕೆಲವರು ಗೂಗಲ್ ಡಾಕ್ಸ್‌ನಲ್ಲೇ ಬರೆದು, ಯಾವ ಸಾಲು ಯಾವಾಗ ಟೈಪ್ ಮಾಡಿದೆ ಅನ್ನೋ ಚರಿತ್ರೆಯನ್ನು ಸಾಕ್ಷಿಗೆ ಇಟ್ಟುಕೊಳ್ಳುತ್ತಾರೆ. ಎರಡನೆಯದು ಒಳ್ಳೆಯ ಅಭ್ಯಾಸ. ಮೊದಲನೆಯದು ಅಪಾಯ, ಸಿಕ್ಕಿಬಿದ್ದರೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ವಿಜ್ಞಾನ ಪತ್ರಿಕೆಗಳ ಪ್ರಕಾಶಕರು ಡಿಟೆಕ್ಟರ್ ನೆಚ್ಚಿಕೊಳ್ಳದೆ ಹೇಳಿಕೊಳ್ಳುವ ದಾರಿ ಹಿಡಿದರು. 2023ರ ಜನವರಿಯಲ್ಲಿ ‘ನೇಚರ್’ ಪತ್ರಿಕೆ ಎರಡು ನಿಯಮ ಮಾಡಿತು. ಎಐಯನ್ನು ಲೇಖಕ ಎಂದು ಹಾಕುವಂತಿಲ್ಲ, ಯಾಕೆಂದರೆ ಅದು ಬರೆದದ್ದಕ್ಕೆ ಹೊಣೆ ಹೊರಲಾರದು. ಬಳಸಿದ್ದರೆ ಪ್ರಬಂಧದಲ್ಲೇ ಹೇಳಬೇಕು. ನೋಡಿ, ಇದು ಬಿಕ್ಕಲಂ ಲೆಕ್ಕವೇ. ‘ಸೈನ್ಸ್’ ಪತ್ರಿಕೆ ಮೊದಲು ಎಐ ಬರಹವೇ ಬೇಡ ಎಂದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸಡಿಲಿಸಿ, ಹೇಳಿ ಬಳಸಬಹುದು ಎಂದಿತು. ವ್ಯಾಕರಣ ತಿದ್ದಲು ಬಳಸಿದರೆ ಹೇಳಬೇಕಿಲ್ಲ ಎಂದು ಹಲವು ಪ್ರಕಾಶಕರು ಬಿಟ್ಟರು. ನನಗೆ ಅದು ಸರಿ ಅನಿಸುತ್ತದೆ, ಆದರೆ ತಿದ್ದುವುದು ಎಲ್ಲಿ ಮುಗಿದು ಬರೆಯುವುದು ಎಲ್ಲಿ ಶುರುವಾಗುತ್ತದೆ ಎನ್ನುವ ಗೆರೆ ಮಸುಕು. ಪುಸ್ತಕಗಳ ವಿಷಯದಲ್ಲಿ ಅಮೆಜಾನ್ 2023ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು. ಸ್ವಂತ ಪ್ರಕಟಣೆಗೆ ಹಾಕುವವರು ಎಐ ಬರೆದದ್ದಾದರೆ ತಮಗೆ ತಿಳಿಸಬೇಕು ಎಂದಿತು. ಓದುಗರಿಗೆ ಅದು ಕಾಣುತ್ತಿರಲಿಲ್ಲ. ದುಡ್ಡು ಕೊಡುವವರಿಗೇ ಗೊತ್ತಾಗದ ಘೋಷಣೆ ಯಾರಿಗಾಗಿ ಅಂತ ನನಗೆ ಅರ್ಥವಾಗಿಲ್ಲ.

ನಿಯಮ ಇದ್ದರೂ ಜನ ಹೇಳಲಿಲ್ಲ. 2023ರ ಆಗಸ್ಟ್‌ನಲ್ಲಿ ‘ಫಿಸಿಕಾ ಸ್ಕ್ರಿಪ್ಟಾ’ ಪತ್ರಿಕೆಯಲ್ಲಿ ಒಂದು ಗಣಿತದ ಪ್ರಬಂಧ ಬಂತು. ಅದರ ನಡುವೆ `Regenerate response` ಎಂಬ ಎರಡು ಪದ ಸುಮ್ನೆ ಕೂತಿದ್ದವು. ಚಾಟ್‌ಜಿಪಿಟಿಯ ಪರದೆಯ ಮೇಲಿದ್ದ ಬಟನ್ನಿನ ಹೆಸರು ಅದು. ಉತ್ತರದ ಜೊತೆ ಬಟನ್ನೂ ಕಾಪಿಯಾಗಿತ್ತು. ವಿಮರ್ಶಕರೂ ನೋಡಿರಲಿಲ್ಲ, ಸಂಪಾದಕರೂ ನೋಡಿರಲಿಲ್ಲ. ಪತ್ತೆ ಹಚ್ಚಿದ್ದು ಅದೇ ಕಬನಾಕ್. ಪ್ರಬಂಧವನ್ನು ಹಿಂತೆಗೆದುಕೊಂಡರು. ಎಐ ಬಳಸಿದ್ದಕ್ಕಲ್ಲ, ಬಳಸಿದ್ದನ್ನು ಹೇಳದೇ ಇದ್ದದ್ದಕ್ಕೆ.

ಯಾಕೆ ಹೇಳುವುದಿಲ್ಲ? 2025ರಲ್ಲಿ ಪ್ರಕಟವಾದ ಶಿಲ್ಕೆ ಮತ್ತು ರೈಮನ್ ಎಂಬ ಸಂಶೋಧಕರ ಅಧ್ಯಯನದಲ್ಲಿ ಇದಕ್ಕೆ ಒಂದು ಉತ್ತರ ಇದೆ. 13 ಪ್ರಯೋಗ ಮಾಡಿ ನೋಡಿದರು. ಎಐ ಬಳಸಿದೆ ಎಂದು ಹೇಳಿಕೊಂಡವರ ಮೇಲೆ ಜನರ ನಂಬಿಕೆ ಕಡಿಮೆಯಾಯಿತು. ‘ಆಮೇಲೆ ನಾನೇ ಪರಿಶೀಲಿಸಿದ್ದೇನೆ’ ಎಂದು ಸೇರಿಸಿದರೂ ಅಷ್ಟೇ. ಹೇಳದೆ ಇದ್ದು ಬೇರೆಯವರಿಂದ ಬಯಲಾದರೆ ಮಾತ್ರ ನಂಬಿಕೆ ಇನ್ನೂ ಜಾಸ್ತಿ ಬಿತ್ತು. ಅಂದರೆ ಹೇಳಿದವರಿಗೆ ಖಚಿತವಾಗಿ ಸಣ್ಣ ನಷ್ಟ. ಮುಚ್ಚಿಟ್ಟವರಿಗೆ ದೊಡ್ಡ ನಷ್ಟದ ಸಾಧ್ಯತೆ, ಆದರೆ ಸಿಕ್ಕಿಬಿದ್ದರೆ ಮಾತ್ರ. ಹ್ಯೂಮನೈಸರ್ ಮಾರುವವರು ಮಾರುವುದು ಈ ‘ಸಿಕ್ಕಿಬಿದ್ದರೆ’ಯ ಮೇಲಿನ ವಿಮೆಯನ್ನು.

ಕೆಲಸದ ಜಾಗದಲ್ಲಿ ಈ ಲೆಕ್ಕ ಇನ್ನೂ ಬಲವಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಮಾರುವುದೇ ‘ನಮ್ಮ ತಜ್ಞರ ಬುದ್ಧಿ’ಯನ್ನು. ಡೆಲಾಯ್ಟ್ ಆಸ್ಟ್ರೇಲಿಯಾ ಎಂಬ ಸಲಹಾ ಕಂಪನಿ ಅಲ್ಲಿನ ಸರ್ಕಾರಕ್ಕೆ ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೆ ಒಂದು ವರದಿ ಬರೆದುಕೊಟ್ಟಿತ್ತು. ಅದರಲ್ಲಿ ಹೆಸರಿಸಿದ್ದ ಕೆಲವು ಸಂಶೋಧನೆಗಳು ಲೋಕದಲ್ಲೇ ಇಲ್ಲ ಎಂದು 2025ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಒಬ್ಬ ವಿದ್ವಾಂಸರು ಕಂಡುಹಿಡಿದರು. ತಮ್ಮ ಕ್ಷೇತ್ರದ ಸಹೋದ್ಯೋಗಿಯೊಬ್ಬರ ಹೆಸರಿನಲ್ಲಿ, ಅವರು ಬರೆಯದ ಪುಸ್ತಕ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಡಿಟೆಕ್ಟರ್ ಬೇಕಾಗಲಿಲ್ಲ. ಕಂಪನಿ ಒಪ್ಪಂದದ ಕೊನೆಯ ಕಂತನ್ನು ವಾಪಸ್ ಕೊಡಲು ಒಪ್ಪಿತು. ಅಕ್ಟೋಬರ್‌ನಲ್ಲಿ ತಿದ್ದಿದ ವರದಿ ಹೊರಬಂತು. ಮೊದಲ ಪ್ರತಿಯಲ್ಲಿ ಇಲ್ಲದ ಒಂದು ಮಾತು ಇದರಲ್ಲಿ ಸೇರಿತ್ತು: ಇದನ್ನು ತಯಾರಿಸುವಾಗ ಎಐ ಬಳಸಲಾಗಿದೆ.