ಮಿಲ್ಲು ಮಾರಿದ ಮೇಲೆ ಬರಬೇಕಾದ ದುಡ್ಡು: ಅರ್ನ್‌ಔಟ್ ಮತ್ತು ಕಂತಿನ ಷರತ್ತುಗಳು

ಸಣ್ಣ ವ್ಯಾಪಾರ ಮಾರುವಾಗ ಎಷ್ಟೋ ಸಲ ಪೂರ್ತಿ ದುಡ್ಡು ಒಟ್ಟಿಗೆ ಬರುವುದಿಲ್ಲ. ಉಳಿದದ್ದು ಎರಡು ರೀತಿಯಲ್ಲಿ ಬರಬಹುದು. ಮುಂದೂಡಿದ ಪಾವತಿಯಲ್ಲಿ ಮೊತ್ತ ಈಗಲೇ ಗಟ್ಟಿ, ಕೊಡುವ ದಿನ ಮಾತ್ರ ಮುಂದೆ. ಅರ್ನ್‌ಔಟ್‌ನಲ್ಲಿ ಮೊತ್ತವೇ ಗಟ್ಟಿ ಇಲ್ಲ, ಮುಂದೆ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಇವೆರಡನ್ನು ಕರಾರಿನಲ್ಲಿ ಬೇರೆ ಬೇರೆ ಕಲಂ ಮಾಡಿ ಬರೆಯಿರಿ. ಕಲಸಿಬಿಟ್ಟರೆ ಗಟ್ಟಿ ಕಂತು ಕೇಳಲು ಹೋದಾಗಲೂ "ವ್ಯಾಪಾರ ನಡೆದರೆ ತಾನೇ ಕೊಡೋದು" ಎನ್ನುವುದಕ್ಕೆ ದಾರಿಯಾಗುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ಮಾಡಿಕೊಳ್ಳೋಣ. ಚಳ್ಳಕೆರೆಯಲ್ಲಿ ಒಂದು ಶೇಂಗಾ ಎಣ್ಣೆ ಮಿಲ್ಲು, ಬೆಲೆ 80 ಲಕ್ಷ. ಮಿಲ್ಲು ಬಿಟ್ಟುಕೊಡುವ ದಿನ 50 ಲಕ್ಷ, ಮೂರು ತಿಂಗಳಿಗೊಮ್ಮೆ 3 ಲಕ್ಷದಂತೆ ಆರು ಕಂತಿನಲ್ಲಿ 18 ಲಕ್ಷ, ಉಳಿದ 12 ಲಕ್ಷ ಅರ್ನ್‌ಔಟ್. ಮಿಲ್ಲು ವರ್ಷಕ್ಕೆ 6,000 ಕ್ವಿಂಟಾಲ್ ಶೇಂಗಾ ಅರೆಯುತ್ತದೆ. ಎಣ್ಣೆ ಮತ್ತು ಹಿಂಡಿ ಮಾರಿದ ದುಡ್ಡಿನಲ್ಲಿ ಶೇಂಗಾ ಖರೀದಿ ಕಳೆದರೆ 26 ಲಕ್ಷ ಉಳಿಯುತ್ತದೆ. ಈ ಉಳಿಕೆ 24 ಲಕ್ಷ ದಾಟಿದ ವರ್ಷ 6 ಲಕ್ಷ ಕೊಡುವುದು, ಹೀಗೆ ಎರಡು ವರ್ಷ. ಓದಲು ಚೆನ್ನಾಗಿದೆ ಅಲ್ವಾ?

ಆದರೆ ಕೊಂಡವರಿಗೆ ಮಾರುಕಟ್ಟೆಯಲ್ಲಿ ಸ್ವಂತ ಮಂಡಿಯೂ ಇದೆ ಅಂದುಕೊಳ್ಳಿ. ಇನ್ನು ಮೇಲೆ ಮಿಲ್ಲಿಗೆ ಶೇಂಗಾ ಅಲ್ಲಿಂದಲೇ ಬರುತ್ತದೆ, ಕ್ವಿಂಟಾಲಿಗೆ ಬರೀ 100 ರೂಪಾಯಿ ಜಾಸ್ತಿ ದರದಲ್ಲಿ. ಶೇಂಗಾ ದರ ದಿನಾ ಏರಿಳಿಯುವಾಗ ಬಿಲ್ಲು ನೋಡಿದರೆ ಈ 100 ರೂಪಾಯಿ ಕಣ್ಣಿಗೇ ಬೀಳುವುದಿಲ್ಲ. ಆದರೆ 6,000 ಕ್ವಿಂಟಾಲಿಗೆ ಅದು 6 ಲಕ್ಷ. ಉಳಿಕೆ 20 ಲಕ್ಷಕ್ಕೆ ಇಳಿಯುತ್ತದೆ, ಅರ್ನ್‌ಔಟ್ ಸೊನ್ನೆ. ಆ 6 ಲಕ್ಷ ಅವರ ಮಂಡಿಯ ಲಾಭವಾಗಿ ಅವರಲ್ಲೇ ಉಳಿಯಿತು, ಮಾರಿದವರಿಗೆ ಕೊಡಬೇಕಿದ್ದ 6 ಲಕ್ಷವೂ ಉಳಿಯಿತು. ಸುಳ್ಳು ಲೆಕ್ಕ ಬರೆಯಲೇ ಬೇಕಿಲ್ಲ. ಲಾಭದ ಮೇಲೆ ಕಟ್ಟಿದ ಅರ್ನ್‌ಔಟ್ ನನಗೆ ಇಷ್ಟವಾಗದಿರುವುದು ಇದಕ್ಕೇ: ಖರ್ಚು ಬರೆಯುವ ಪೆನ್ನು ಕೊಂಡವರ ಕೈಯಲ್ಲಿರುತ್ತದೆ.

ಹಾಗಾಗಿ ಕೊಂಡವರು ತಿರುಚಲು ಕಷ್ಟವಾದ ಅಳತೆ ಹಿಡಿಯಬೇಕು. ಇಲ್ಲಿ ಅದು ಅರೆದ ಶೇಂಗಾದ ತೂಕ. ಎರಡು ವರ್ಷ ಪ್ರತಿ ಕ್ವಿಂಟಾಲಿಗೆ 100 ರೂಪಾಯಿ ಎಂದು ಬರೆದರೆ 12,000 ಕ್ವಿಂಟಾಲಿಗೆ ಅದೇ 12 ಲಕ್ಷವಾಗುತ್ತದೆ. ಗುರಿ ಮುಟ್ಟಿದರೆ ಎಲ್ಲ, ತಪ್ಪಿದರೆ ಸೊನ್ನೆ ಎಂಬ ಕಂದಕವೂ ಇರುವುದಿಲ್ಲ, 5,000 ಅರೆದರೆ 5 ಲಕ್ಷ. ತೂಕ ಮುಚ್ಚಿಟ್ಟರೆ ಮಿಲ್ಲಿನ ಕರೆಂಟ್ ಬಿಲ್ಲು ಹೇಳುತ್ತದೆ. ಯೂನಿಟ್ ಹಿಂದಿನಷ್ಟೇ ಓಡಿ ಕ್ವಿಂಟಾಲ್ ಮಾತ್ರ ಕಮ್ಮಿಯಾಗಿದ್ದರೆ ಕಾರಣ ಕೇಳಿ. ಮಳೆ ಕೈಕೊಟ್ಟ ವರ್ಷದ ಹೊಡೆತ ಮಾರಿದವರಿಗೂ ತಟ್ಟುತ್ತದೆ, ಅದು ಈ ಅಳತೆಯ ಮಿತಿ. ಕಲಂ ಹೀಗಿರಬಹುದು: "ಈ ಮಿಲ್ಲಿನಲ್ಲಾಗಲಿ, ಈ ಬ್ರಾಂಡ್ ಹೆಸರಿಗಾಗಿ ಬೇರೆ ಮಿಲ್ಲಿನಲ್ಲಾಗಲಿ ಅರೆದ ಪ್ರತಿ ಕ್ವಿಂಟಾಲೂ ಲೆಕ್ಕಕ್ಕೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ಖರೀದಿ ಪುಸ್ತಕ, ಜಿಎಸ್‌ಟಿ ರಿಟರ್ನ್ ಮತ್ತು ಕರೆಂಟ್ ಬಿಲ್ಲಿನ ಪ್ರತಿಯನ್ನು ಮಾರಿದವರಿಗೆ ಕೊಡತಕ್ಕದ್ದು." ಬೇರೆ ಮಿಲ್ಲಿನ ಮಾತು ಬಿಟ್ಟರೆ ಶೇಂಗಾ ಅಲ್ಲಿಗೇ ಹೋಗುತ್ತದೆ, ನಿಮ್ಮ ಮೀಟರ್ ಸುಮ್ನೆ ನಿಂತಿರುತ್ತದೆ.

ಇನ್ನು ಗಟ್ಟಿ ಕಂತಿನ 18 ಲಕ್ಷ. ಒಂದು ಕಂತು 15 ದಿನ ತಡವಾದರೆ ಉಳಿದ ಕಂತುಗಳೆಲ್ಲ ಬಡ್ಡಿ ಸಮೇತ ಒಟ್ಟಿಗೆ ಕೊಡಬೇಕು ಎಂದು ಬರೆಸಿ. ಈ ಸಾಲಿಲ್ಲದಿದ್ದರೆ ಪ್ರತಿ ಕಂತಿಗೂ ಬೇರೆ ಬೇರೆಯಾಗಿ ಅಲೆಯಬೇಕಾಗುತ್ತದೆ. ಆರು ಕಂತಿಗೂ ಮುಂದಿನ ತಾರೀಕಿನ ಚೆಕ್ ಮೊದಲೇ ಪಡೆಯಿರಿ, ಮೊತ್ತ ತುಂಬಿಸಿಕೊಂಡೇ. ಚೆಕ್ಕಿನ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ, ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಅದು ತಲುಪಿ 15 ದಿನದಲ್ಲಿ ದುಡ್ಡು ಬರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರಡಿ ಕೋರ್ಟಿಗೆ ದೂರು ಹಾಕಬೇಕು. "ಸ್ವಲ್ಪ ತಡ್ಕೊಳ್ಳಿ ಅಣ್ಣ, ಕೊಡ್ತೀನಿ" ಎಂಬ ಮಾತು ಕೇಳುತ್ತಾ ಕೂತರೆ ಕೈತಪ್ಪುವುದು ಆ 30 ದಿನವೇ.

ಕೊಂಡವರು "ಮಿಲ್ಲು ಕಟ್ಟಬೇಕಿದ್ದ ಹಳೇ ಬಾಕಿ ಸಿಕ್ಕಿತು" ಎಂದು ಕಂತಿನಲ್ಲಿ ತಾವೇ ಮುರಿದುಕೊಳ್ಳುವ ಅಧಿಕಾರವನ್ನೂ ಕೊಡಬೇಡಿ. ಇಬ್ಬರೂ ಲಿಖಿತವಾಗಿ ಒಪ್ಪಿದ ಅಥವಾ ಪಂಚಾಯ್ತಿದಾರರು ತೀರ್ಮಾನಿಸಿದ ಮೊತ್ತವನ್ನಷ್ಟೇ ಮುರಿಯಬಹುದು ಎಂದಿರಲಿ.

ಕೊನೆಗೆ ತೆರಿಗೆ. ಗಟ್ಟಿ ಕಂತಿನ ದುಡ್ಡು ಮುಂದೆ ಬಂದರೂ ಬಂಡವಾಳ ಲಾಭದ ಲೆಕ್ಕ ಮಾರಿದ ವರ್ಷಕ್ಕೇ ಸೇರುತ್ತದೆ. ಅರ್ನ್‌ಔಟ್ ಯಾವ ವರ್ಷಕ್ಕೆ ಸೇರುತ್ತದೆ ಎಂಬುದರಲ್ಲಿ ದೆಹಲಿ ಮತ್ತು ಬಾಂಬೆ ಹೈಕೋರ್ಟ್‌ಗಳ ತೀರ್ಪು ಬೇರೆ ಬೇರೆ ದಾರಿ ಹಿಡಿದಿವೆ. ಆದ್ದರಿಂದ ಮೊದಲ ದಿನದ 50 ಲಕ್ಷ ಸಾಕೇ ಎಂದು ನಿರ್ಧರಿಸುವ ಮೊದಲೇ ಆ ವರ್ಷ ಕಟ್ಟಬೇಕಾದ ತೆರಿಗೆಯನ್ನು ಆಡಿಟರ್ ಹತ್ತಿರ ಲೆಕ್ಕ ಹಾಕಿಸಿ.