ನುಣುಪಾದ ಗೆರೆಯೊಳಗಿನ ಪುಕ್ಕಟೆ ಹಣ

ಮುಂದೊಂದು ದಿನ, ಈಗಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕೇ ಆಪ್ಷನ್; ಆ ಬೆಲೆ ಸ್ಟ್ರೈಕ್, ಆ ದಿನ ಎಕ್ಸ್‌ಪೈರಿ. ನಿಫ್ಟಿಯ ಆಪ್ಷನ್ ಚೈನ್ ಎಂಬ ಬೆಲೆಪಟ್ಟಿ ತೆರೆದರೆ ಪ್ರತಿ ಸ್ಟ್ರೈಕ್ ಪಕ್ಕದಲ್ಲೂ ಐವಿ ಎಂಬ ಅಂಕಿ ಕಾಣುತ್ತದೆ. ಅದೇ ಇಂಪ್ಲೈಡ್ ವೊಲಾಟಿಲಿಟಿ. ಸೂಚ್ಯಂಕ ಎಷ್ಟು ಏರಿಳಿದರೆ ಆಪ್ಷನ್‌ನ ಇವತ್ತಿನ ಬೆಲೆ ಸರಿಹೋಗುತ್ತದೆ ಅಂತ ಆಪ್ಷನ್ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರದಿಂದ ಹಿಂದುಮುಂದಾಗಿ ತೆಗೆದ ಲೆಕ್ಕ ಅದು. ಸೂತ್ರದ ಪ್ರಕಾರ ಎಲ್ಲ ಸ್ಟ್ರೈಕ್‌ಗೂ ಒಂದೇ ಐವಿ ಇರಬೇಕು, ಆದರೆ ಇರುವುದಿಲ್ಲ. 1987ರ ಅಕ್ಟೋಬರ್ ಕುಸಿತದ ನಂತರ ಅಮೆರಿಕದ ಸೂಚ್ಯಂಕಗಳಲ್ಲಿ ಕೆಳಗಿನ ಸ್ಟ್ರೈಕ್‌ಗಳ ಐವಿ ಎದ್ದು ಕಾಣುವಷ್ಟು ಮೇಲೇರಿ ನಿಂತಿತು.

ಒಂದು ಕಡೆ ಸ್ಟ್ರೈಕ್, ಇನ್ನೊಂದು ಕಡೆ ಎಕ್ಸ್‌ಪೈರಿ ಇಟ್ಟು ಈ ಅಂಕಿಗಳನ್ನು ಹರಡಿದರೆ ಅಲ್ಲಲ್ಲಿ ಚುಕ್ಕೆಗಳು ಸಿಗುತ್ತವೆ. ವಹಿವಾಟೇ ಇಲ್ಲದ ಸ್ಟ್ರೈಕ್‌ಗೂ ಬೆಲೆ ಹೇಳಬೇಕಾದರೆ ಆ ಚುಕ್ಕೆಗಳ ಮೇಲೆ ಒಂದು ಮೇಲ್ಮೈ ಹಾಸಬೇಕು. ಸುಮ್ನೆ ಚುಕ್ಕೆಗಳಿಗೆ ಹತ್ತಿರವಾಗಿ ಹಾಸಿದರೆ ಸಾಲದು. ಅದರಿಂದ ಬರುವ ಬೆಲೆಗಳಲ್ಲಿ ಯಾರಿಗೂ ಪುಕ್ಕಟೆ ಹಣ ಸಿಗಬಾರದು.

ಒಂದೇ ಎಕ್ಸ್‌ಪೈರಿಯ ಮೂರು ಕಾಲ್‌ಗಳನ್ನು, ಅಂದರೆ ಕೊಳ್ಳುವ ಹಕ್ಕುಗಳನ್ನು, ತೆಗೆದುಕೊಳ್ಳೋಣ. ನಮ್ಮ ಮೇಲ್ಮೈಯಲ್ಲಿ ಆ ಎಕ್ಸ್‌ಪೈರಿಯ ಗೆರೆ 24,900ಕ್ಕೆ 262 ರೂಪಾಯಿ, 25,000ಕ್ಕೆ 210, 25,100ಕ್ಕೆ 155 ಎಂದಿತು ಅನ್ನಿ. ನೋಡಿದರೆ ತಪ್ಪೇನೂ ಕಾಣದು. ಈಗ ಎರಡು ತುದಿಯಲ್ಲಿ ಒಂದೊಂದು ಕೊಂಡು, ನಡುವಿನದನ್ನು ಎರಡು ಮಾರಿ. ಕೊಡಬೇಕಾದ್ದು 417, ಬರುವುದು 420. ಮೂರು ರೂಪಾಯಿ ಈಗಲೇ ಕೈಗೆ ಬಂತು. ಎಕ್ಸ್‌ಪೈರಿಯ ದಿನ ನಿಫ್ಟಿ 24,900 ಮತ್ತು 25,100ರ ನಡುವೆ ನಿಂತರೆ ಇನ್ನೂ ಹಣ ಬರುತ್ತದೆ, ಹೊರಗೆ ನಿಂತರೆ ಸೊನ್ನೆ. ನಷ್ಟವೇ ಇಲ್ಲ! ಇದಕ್ಕೆ ಬಟರ್‌ಫ್ಲೈ ಎನ್ನುತ್ತಾರೆ. ಅದರ ಬೆಲೆ ನಿಫ್ಟಿ 25,000ದ ಆಸುಪಾಸಿನಲ್ಲಿ ನಿಲ್ಲುವ ಸಂಭವಕ್ಕೆ ಮಾರುಕಟ್ಟೆ ಕಟ್ಟುವ ಬೆಲೆಯೂ ಹೌದು. ಅದು ಮೈನಸ್ ಆಯಿತೆಂದರೆ ಸಂಭವವೇ ಮೈನಸ್ ಆದಂತೆ. ಮಧ್ಯದ ಬೆಲೆ 208.50 ದಾಟದಿದ್ದರೆ ಈ ತೊಂದರೆ ಇಲ್ಲ.

ಐವಿಯ ಗೆರೆಯನ್ನು ಕಣ್ಣಲ್ಲಿ ನೋಡಿ ಇದನ್ನು ಹಿಡಿಯುವುದು ಕಷ್ಟ. ಜಿಮ್ ಗ್ಯಾಥರಲ್ ಜನಪ್ರಿಯಗೊಳಿಸಿದ ಎಸ್‌ವಿಐ ಎಂಬ ಸೂತ್ರ ಐದೇ ಅಂಕಿಗಳಿಂದ ಒಂದು ಎಕ್ಸ್‌ಪೈರಿಯ ಇಡೀ ಗೆರೆ ಎಳೆಯುತ್ತದೆ. ಆಕ್ಸೆಲ್ ಫೋಗ್ಟ್ ಆ ಸೂತ್ರಕ್ಕೇ ಐದು ಅಂಕಿಗಳನ್ನು ಕೊಟ್ಟು, ಗೆರೆ ಪೂರ್ತಿ ನುಣುಪಾಗಿದ್ದರೂ ಒಂದು ಕಡೆ ಸಂಭವ ಸೊನ್ನೆಗಿಂತ ಕೆಳಗಿಳಿಯುವುದನ್ನು ತೋರಿಸಿದರು. ಹಾಗಾಗಿ ಗೆರೆ ಹೊಂದಿಸಿದ ಮೇಲೆ ಅದನ್ನು ಬೆಲೆಗಳಿಗೆ ತಿರುಗಿಸಿ, ಒತ್ತೊತ್ತಾಗಿ ಇಟ್ಟ ಸ್ಟ್ರೈಕ್‌ಗಳಲ್ಲಿ ಬಟರ್‌ಫ್ಲೈ ಪರೀಕ್ಷೆ ಮಾಡಲೇಬೇಕು.

ಎಕ್ಸ್‌ಪೈರಿಗಳ ನಡುವಿನ ನಿಯಮ ಬೇರೆ. 30 ದಿನಕ್ಕೆ ಐವಿ 20%, 60 ದಿನಕ್ಕೆ 13% ಇರಬಹುದೇ? ಐವಿ ಇಳಿಯುವುದೇನೂ ತಪ್ಪಲ್ಲ. ಇಳಿಯಬಾರದ್ದು ಐವಿಯ ವರ್ಗವನ್ನು ದಿನಗಳಿಂದ ಗುಣಿಸಿದ ಮೊತ್ತ. ಮೊದಲನೆಯದು 400 × 30 = 12,000, ಎರಡನೆಯದು 169 × 60 = 10,140. ಅಂದರೆ ಎರಡನೇ ತಿಂಗಳ ಏರಿಳಿತ ಸೊನ್ನೆಗಿಂತ ಕಡಿಮೆ ಎಂದಾಯಿತು, ಅದು ಸಾಧ್ಯವಿಲ್ಲ ಅಲ್ವಾ? ಇಲ್ಲಿ 60 ದಿನದ ಐವಿ ಸುಮಾರು 14.14%ಗಿಂತ ಕೆಳಗೆ ಹೋಗುವಂತಿಲ್ಲ. ಹೋಲಿಕೆ ಮಾತ್ರ ಒಂದೇ ಸ್ಟ್ರೈಕ್‌ನಲ್ಲಿ ಅಲ್ಲ, ಆಯಾ ಎಕ್ಸ್‌ಪೈರಿಯ ಫಾರ್ವರ್ಡ್ ಬೆಲೆಯಿಂದ, ಅಂದರೆ ಆ ದಿನಕ್ಕೆಂದು ಈಗಲೇ ಒಪ್ಪಿಕೊಳ್ಳುವ ನಿಫ್ಟಿಯ ಬೆಲೆಯಿಂದ, ಅಷ್ಟೇ ಪಾಲು ದೂರವಿರುವ ಸ್ಟ್ರೈಕ್‌ಗಳಲ್ಲಿ ಆಗಬೇಕು.

ಎಷ್ಟೋ ಸಲ ತಪ್ಪು ಮೇಲ್ಮೈಯದ್ದಲ್ಲ, ಚುಕ್ಕೆಗಳದ್ದೇ. ಒಂದು ಸ್ಟ್ರೈಕ್‌ನ ಕೊನೆಯ ವಹಿವಾಟು ಈಗ ತಾನೇ ಆಗಿರುತ್ತದೆ, ಪಕ್ಕದ್ದು ಬೆಳಗ್ಗೆ ಆಗಿರುತ್ತದೆ. ಎರಡನ್ನೂ ಜೊತೆಗಿಟ್ಟರೆ ಪುಕ್ಕಟೆ ಹಣ ಕಂಡೇ ಕಾಣುತ್ತದೆ. ಅದಕ್ಕೆ ಕೊನೆಯ ಬೆಲೆ ಬಿಟ್ಟು, ಅದೇ ಕ್ಷಣದಲ್ಲಿ ಕೊಳ್ಳುವವರು ಹೇಳುವ ಬಿಡ್ ಮತ್ತು ಮಾರುವವರು ಕೇಳುವ ಆಸ್ಕ್ ತೆಗೆದುಕೊಂಡು, ಮೇಲ್ಮೈ ಅವೆರಡರ ನಡುವೆ ಹಾಯುವಂತೆ ಹೊಂದಿಸುತ್ತಾರೆ.