ಹಳಿ ಹಾಸಿದ ವರದಿಯಲ್ಲಿ ಜಲ್ಲಿಗೇಕೆ ಇಷ್ಟು ಲೆಕ್ಕ?

ಬೀದರ್–ಕಲಬುರಗಿ ಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಇಂಥ ಯಾವುದೇ ಹೊಸ ಮಾರ್ಗದಲ್ಲಿ ಪ್ರಯಾಣಿಕರ ಗಾಡಿ ಓಡಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರು ಮೊದಲು ತಪಾಸಣೆ ಮಾಡಬೇಕು. 1989ರ ರೈಲ್ವೆ ಕಾಯ್ದೆ ಹಾಗೆ ಹೇಳುತ್ತದೆ. ಹಳಿ ಹಾಸಿದವರೇ ಅದಕ್ಕೆ ಪಾಸ್ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಾರದೆಂದು 1941ರಲ್ಲೇ ಈ ತಪಾಸಣಾ ವಿಭಾಗವನ್ನು ರೈಲ್ವೆ ಮಂಡಳಿಯಿಂದ ಬೇರೆ ಮಾಡಿದ್ದರು. ಆಯುಕ್ತರ ಮುಂದೆ ಬರುವ ಕಡತಗಳಲ್ಲಿ ಹಳಿ ಹಾಸುವ ಕೆಲಸ ಮುಗಿದ ವರದಿಯೂ ಒಂದು. ಅದರಲ್ಲಿ ಹಳಿಯ ನೇರ, ಜಲ್ಲಿಯ ಆಕಾರ, ಬೆಸುಗೆ ಈ ಮೂರೂ ಒಟ್ಟಿಗೇ ಬರುತ್ತವೆ. ಯಾಕೆಂದರೆ ಒಂದನ್ನು ಬಿಟ್ಟರೆ ಉಳಿದೆರಡಕ್ಕೆ ಅರ್ಥವಿಲ್ಲ.

ಹಿಂದೆ ಹೀಗಿರಲಿಲ್ಲ. 13 ಮೀಟರಿನ ತುಂಡು ಹಳಿಗಳನ್ನು ಫಿಶ್‌ಪ್ಲೇಟ್ ಹಾಕಿ ಬೋಲ್ಟ್ ಬಿಗಿದು, ಮಧ್ಯೆ ಸಣ್ಣ ಸಂದು ಬಿಡುತ್ತಿದ್ದರು. ಹಳೆಯ ಗಾಡಿಯ ಖಟಕ್ ಖಟಕ್ ಸದ್ದು ಆ ಸಂದಿನದು. ಬಿಸಿಲಿಗೆ ಉಕ್ಕು ಹಿಗ್ಗಿದರೆ ಸಂದು ಮುಚ್ಚಿಕೊಳ್ಳುತ್ತಿತ್ತು, ಅಷ್ಟೇ. ಆದರೆ ಚಕ್ರ ಪ್ರತಿ ಜೋಡಿನಲ್ಲೂ ಬಡಿದು ಹಳಿಯ ತುದಿಯನ್ನು ಸವೆಸುತ್ತಿತ್ತು, ಕೆಳಗಿನ ಜಲ್ಲಿಯನ್ನು ಕುಸಿಯುವಂತೆ ಮಾಡುತ್ತಿತ್ತು. ಈ ತೊಂದರೆ ತಪ್ಪಿಸಲು ಹಳಿಗಳನ್ನು ಉದ್ದಕ್ಕೂ ಬೆಸೆಯುವ ಪದ್ಧತಿ ಬಂತು.

ಬೆಸೆದ ಮೇಲೆ ಹಿಗ್ಗಲು ಜಾಗವೇ ಇಲ್ಲ. ಮೀಟರಿಗೆ 60 ಕೆ.ಜಿ. ತೂಗುವ ಹಳಿಯಲ್ಲಿ ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು 1.9 ಟನ್ ಒತ್ತಡ ಹುಟ್ಟುತ್ತದೆ. ಯಾವ ಒತ್ತಡವೂ ಇಲ್ಲದಂತೆ ಹಳಿಯನ್ನು 40 ಡಿಗ್ರಿಯಲ್ಲಿ ಬಿಗಿದಿದ್ದಾರೆ ಎನ್ನೋಣ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಗಾಳಿಗಿಂತ ಹಳಿ ಬಹಳ ಹೆಚ್ಚು ಕಾಯುತ್ತದೆ. ಅದು 65 ಮುಟ್ಟಿದರೆ ಒಂದೊಂದು ಹಳಿಯಲ್ಲೂ 47 ಟನ್ನಿನಷ್ಟು ಒತ್ತಡ. ಅದು ಪಕ್ಕಕ್ಕೆ ಸಿಡಿಯದಂತೆ ತಡೆಯುವುದು ಹಳಿಯ ಕೆಳಗೆ ಅಡ್ಡಕ್ಕೆ ಹಾಕಿದ ಸ್ಲೀಪರಿನ ಭಾರ, ಅದರ ಕೆಳಗೆ ಮತ್ತು ಸುತ್ತ ಇರುವ ಜಲ್ಲಿ, ಹಾಗೂ ಸ್ಲೀಪರಿನ ತುದಿಯಾಚೆ ಕಟ್ಟಿದ ಜಲ್ಲಿಯ ಭುಜ. ಉದ್ದ ಬೆಸೆದ ಹಳಿಗೆ ಈ ಭುಜ ನೇರ ಮಾರ್ಗದಲ್ಲಿ 350 ಮಿ.ಮೀ., ತಿರುವಿನ ಹೊರಬದಿಯಲ್ಲಿ 500 ಮಿ.ಮೀ. ಇರಬೇಕು. ಕಾಯುವ ಹಳಿ ತಿರುವಿನ ಹೊರಗಡೆಗೇ ತಳ್ಳುವುದರಿಂದ ಅಲ್ಲಿ ಹೆಚ್ಚು. ನನ್ನ ಮಟ್ಟಿಗೆ ವರದಿಯಲ್ಲಿ ಅತಿ ಅಸಡ್ಡೆಗೆ ಗುರಿಯಾಗುವ ಸಾಲು ಇದೇ. ಹಳಿಯ ಸೊಟ್ಟ ಕಣ್ಣಿಗೆ ಬೀಳುತ್ತದೆ, ಭುಜದಲ್ಲಿ ಒಂದು ಗೇಣು ಜಲ್ಲಿ ಕಮ್ಮಿಯಾದರೆ ಬೇಸಿಗೆವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಸಣ್ಣ ಸೊಟ್ಟವೊಂದು ಇದ್ದರೆ ಒತ್ತಡ ಅಲ್ಲೇ ದಾರಿ ಹುಡುಕುತ್ತದೆ. ಅದಕ್ಕೇ ತಿರುವಿನಲ್ಲಿ 20 ಮೀಟರ್ ದಾರ ಎಳೆದು ಅದರ ಮಧ್ಯದಿಂದ ಹಳಿ ಎಷ್ಟು ದೂರ ಇದೆ ಎಂದು ಅಳೆಯುತ್ತಾರೆ. ಇದಕ್ಕೆ ವರ್ಸೈನ್ ಎನ್ನುತ್ತಾರೆ. 875 ಮೀಟರ್ ತ್ರಿಜ್ಯದ ತಿರುವಿಗೆ ಅದು 57 ಮಿ.ಮೀ. ಬರಬೇಕು. ಹೊಸ ಹಳಿಗೆ ಇಂಥ ತಿರುವಿನಲ್ಲಿ 5 ಮಿ.ಮೀ. ಆಚೀಚೆ ಒಪ್ಪುತ್ತಾರೆ.

ಒಂದು ಉದಾಹರಣೆ ನೋಡಿ. 10 ಮೀಟರಿಗೊಂದು ಗುರುತಿನಲ್ಲಿ 57, 54, 64, 53, 57 ಬಂದಿವೆ. 64 ಮಿತಿ ಮೀರಿದೆ. ಆ ಜಾಗದ ಹಳಿಯನ್ನು 6 ಮಿ.ಮೀ. ಒಳಕ್ಕೆ ಸರಿಸಿದರೆ ಅಲ್ಲಿನ ಅಳತೆ 58 ಆಗುತ್ತದೆ, ಅಕ್ಕಪಕ್ಕದವು ಅದರ ಅರ್ಧ, ಅಂದರೆ 3 ಮಿ.ಮೀ., ಏರಿ 57 ಮತ್ತು 56 ಆಗುತ್ತವೆ. ಒಟ್ಟು ಮೊತ್ತ ಮೊದಲೂ 285, ಆಮೇಲೂ 285. ಅಳತೆಯ ಪುಸ್ತಕದಲ್ಲಿ ತಿರುವಿನುದ್ದಕ್ಕೂ 57, 57, 57 ಎಂದೇ ಇದ್ದರೆ ದಾರ ಎಳೆದಿದ್ದಾರೋ, ಕುರ್ಚಿಯಲ್ಲಿ ಕೂತು ಬರೆದಿದ್ದಾರೋ ಎಂಬ ಅನುಮಾನ ಬರಲೇಬೇಕು. ನಿಜವಾದ ಅಳತೆ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಇನ್ನು ಬೆಸುಗೆ. ಎರಡು ಹಳಿಗಳ ನಡುವೆ ಸುಮಾರು 25 ಮಿ.ಮೀ. ಬಿಟ್ಟು, ಅಚ್ಚು ಕಟ್ಟಿ, ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಉರಿಸಿ ಕರಗಿದ ಉಕ್ಕು ಸುರಿಯುತ್ತಾರೆ. ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ 1890ರ ದಶಕದಲ್ಲಿ ಕಂಡುಹಿಡಿದ ಈ ಥರ್ಮಿಟ್ ವಿಧಾನ ಇವತ್ತಿಗೂ ನಡೆಯುತ್ತಿದೆ. ತಣಿದ ಮೇಲೆ ಒಂದು ಮೀಟರ್ ಪಟ್ಟಿ ಇಟ್ಟು ನೋಡುತ್ತಾರೆ: ಮೇಲ್ಮೈ ಒಂದು ಮಿ.ಮೀ. ಉಬ್ಬಿದ್ದರೆ ಸರಿ, ತಗ್ಗು ಮಾತ್ರ ಒಪ್ಪುವುದಿಲ್ಲ. ತಗ್ಗಿಗೆ ಚಕ್ರ ಬಿದ್ದು ಬಡಿದರೆ ಬೆಸುಗೆಯೂ ಹಾಳು, ಕೆಳಗಿನ ಜಲ್ಲಿಯೂ ಹಾಳು. ತಪ್ಪಿಸಿಕೊಳ್ಳಲು ಹೊರಟಿದ್ದ ಹಳೇ ಜೋಡಿನ ಕಾಟವೇ ಮತ್ತೆ ಶುರು.

ಮೇಲಿನಿಂದ ನುಣ್ಣಗಿದ್ದರೂ ಒಳಗೆ ಪೊಳ್ಳಿರಬಹುದು. ಅಚ್ಚಿನಲ್ಲಿ ಪಸೆ ಇದ್ದರೆ ಗಾಳಿಗುಳ್ಳೆ ಉಳಿಯುತ್ತದೆ, ಹಳಿಯ ತುದಿಯನ್ನು ಸಾಕಷ್ಟು ಕಾಯಿಸದಿದ್ದರೆ ಉಕ್ಕು ಅಂಟುವುದಿಲ್ಲ. ಹೀಗಾಗಿ ಶ್ರವಣಾತೀತ ತರಂಗದ ಪರೀಕ್ಷೆ. ಹಳಿಯ ತಲೆಯ ಮೇಲೆ ಓಡಿಸುವ ಯಂತ್ರಕ್ಕೆ ಪಾದದ ಎರಡೂ ಅಂಚು ಕಾಣಿಸುವುದಿಲ್ಲವಾದ್ದರಿಂದ ಅಲ್ಲಿ ಕೈಯಲ್ಲಿ ಹಿಡಿಯುವ ಪ್ರೋಬ್ ಇಟ್ಟು ಬೇರೆಯಾಗಿ ನೋಡಬೇಕು. ಪ್ರತಿ ಬೆಸುಗೆಯ ಪಕ್ಕದಲ್ಲೂ ಕ್ರಮಸಂಖ್ಯೆ, ತಿಂಗಳು, ವರ್ಷ, ಬೆಸೆದವನ ಗುರುತು ಇರುತ್ತದೆ. ಆ ಸಂಖ್ಯೆ ಪರೀಕ್ಷೆಯ ಪುಸ್ತಕದಲ್ಲಿ ಸಿಗದಿದ್ದರೆ ಆ ಬೆಸುಗೆಯನ್ನು ಪರೀಕ್ಷೆಯಾಗದ್ದೆಂದೇ ಲೆಕ್ಕಕ್ಕೆ ಹಿಡಿದು ಮತ್ತೊಮ್ಮೆ ಪರೀಕ್ಷಿಸಬೇಕು.